ಬೂಟ್ ಆದ ಮೇಲೆ ನಂಬಿಕೆಯನ್ನು ಹೊಸದಾಗಿ ಶುರು ಮಾಡಿದರೆ ಏನು ಲಾಭ? ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ

ಟಿಪಿಎಂ ಎಂಬ ಭದ್ರತಾ ಚಿಪ್ ಇರುವ ನನ್ನ ಹಳೆಯ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಬೀಗದ ಕೀಲಿಯನ್ನು ಎರಡು ರೀತಿಯಲ್ಲಿ ಕಟ್ಟಿ ನೋಡಿದೆ, ಅಂದರೆ ಟಿಪಿಎಂನಲ್ಲಿರುವ ಅಳತೆ ಮೊದಲಿನಂತೆಯೇ ಇದ್ದರೆ ಮಾತ್ರ ಕೀಲಿ ತೆರೆಯುವಂತೆ. ಮೊದಲನೆಯದು ಎಲ್ಲರೂ ಮಾಡುವ ದಾರಿ, ಅಂದರೆ ಪವರ್ ಒತ್ತಿದ ಕ್ಷಣದಿಂದ ಫರ್ಮ್‌ವೇರ್ ಅಳೆಯುತ್ತಾ ಬರುವ ಪಿಸಿಆರ್ 0, ಅದು ಟಿಪಿಎಂನೊಳಗೆ ಅಳತೆಯ ಲೆಕ್ಕ ಸೇರುತ್ತಾ ಹೋಗುವ ಒಂದು ಖಾನೆ. ಎರಡನೆಯದು ಟಿಬೂಟ್, ಇಂಟೆಲ್ ಸಿಪಿಯುನ ಟಿಎಕ್ಸ್‌ಟಿ ಸೌಲಭ್ಯ ಬಳಸಿ ಕರ್ನೆಲ್‌ಗಿಂತ ಮೊದಲು ಓಡುವ ತಂತ್ರಾಂಶ. ಇದು ಯಂತ್ರ ಅರ್ಧ ಬೂಟ್ ಆದ ಮೇಲೆ `SENTER` ಅನ್ನೋ ಆದೇಶ ಕೊಡುತ್ತದೆ. ಆಗ ಸಿಪಿಯು ಉಳಿದ ಕೋರ್‌ಗಳನ್ನು ನಿಲ್ಲಿಸಿ, ಇಂಟೆಲ್ ಸಹಿ ಇರುವ ಸಿನಿಟ್ ಮಾಡ್ಯೂಲನ್ನು ಪರೀಕ್ಷಿಸಿ ಓಡಿಸುತ್ತದೆ. ಅದು ಟಿಬೂಟನ್ನು ಅಳೆಯುತ್ತದೆ, ಟಿಬೂಟ್ ಕರ್ನೆಲನ್ನು ಅಳೆಯುತ್ತದೆ. ಈ ಲೆಕ್ಕ ಪಿಸಿಆರ್ 17, 18ರಲ್ಲಿ ಸೇರುತ್ತದೆ.

ಟಿಬೂಟ್ ಹಾಕಿದ ಮೊದಲ ದಿನ ಲಿನಕ್ಸ್ ಸರಾಗವಾಗಿ ಬಂತು, ನಾನೂ ಆಯ್ತು ಅಂದುಕೊಂಡೆ. ಆಮೇಲೆ ಇದನ್ನು ಓಡಿಸಿದೆ:

```
tpm2_pcrread sha256:0,17,18
```

17ರಲ್ಲಿ ಉದ್ದಕ್ಕೂ `FF`, ಯಂತ್ರ ಆನ್ ಆದಾಗ ಇರುವ ಬೆಲೆಯೇ. ಅಂದರೆ ಹೊಸ ಆರಂಭ ನಡೆದೇ ಇಲ್ಲ! ನಾನು ಇಟ್ಟ ಸಿನಿಟ್ ಕಡತ ಬೇರೆ ಚಿಪ್‌ಸೆಟ್‌ನದು, ಹಾಗಾಗಿ ಟಿಬೂಟ್ ಅದನ್ನು ಬಿಟ್ಟು ಸುಮ್ನೆ ಮಾಮೂಲಿ ಬೂಟ್ ಮಾಡಿತ್ತು. ಸರಿಯಾದ ಕಡತ ಇಟ್ಟ ಮೇಲೆ `txt-stat` ಹೇಳಿದ್ದು `TXT measured launch: TRUE`, ಮತ್ತು 17ರಲ್ಲಿ ಬೇರೆಯೇ ಸಂಖ್ಯೆ. ನನಗೆ ತುಂಬಾ ಹಿಡಿಸಿದ್ದು ಈ `FF` ಉಪಾಯವೇ. 17 ಅನ್ನು ಸೊನ್ನೆಗೆ ತರುವ ಅಧಿಕಾರ `SENTER` ಸಮಯದಲ್ಲಿ ಸಿಪಿಯುಗೆ ಮಾತ್ರ ಇದೆ, ಅದೂ ಲೊಕ್ಯಾಲಿಟಿ 4 ಎಂಬ ದಾರಿಯಲ್ಲಿ. ಕಳ್ಳ ಸಾಫ್ಟ್‌ವೇರ್ `FF` ಮೇಲೆ ಎಷ್ಟೇ ಅಳತೆ ಸೇರಿಸಿದರೂ, ಸೊನ್ನೆಯಿಂದ ಶುರುವಾಗಿ ಬರುವ ಸಂಖ್ಯೆ ಅದಕ್ಕೆ ಸಿಗುವುದಿಲ್ಲ.

ಮುಂದೆ ಬಯಾಸ್ ಅಪ್‌ಡೇಟ್ ಹಾಕಿದೆ. ಪಿಸಿಆರ್ 0 ಬದಲಾಯಿತು, ಆ ಕೀಲಿ ತೆರೆಯಲಿಲ್ಲ, ಪಾಸ್‌ವರ್ಡ್ ಕೇಳಿತು. 17, 18ಕ್ಕೆ ಕಟ್ಟಿದ ಕೀಲಿ ಮಾತ್ರ ತೆರೆಯಿತು. ಆದರೆ ಯಾವಾಗಲೂ ಹೀಗೇ ಆಗುತ್ತೆ ಅಂತಲ್ಲ, ಅಪ್‌ಡೇಟ್ ಜೊತೆ ಬಯಾಸ್‌ನ ಎಸಿಎಂ ಎಂಬ ಇಂಟೆಲ್ ಸಹಿಯ ಮಾಡ್ಯೂಲ್ ಬದಲಾದರೆ 17 ಕೂಡ ಬದಲಾಗಬಹುದು. ಮುಂದಿನ ಕರ್ನೆಲ್ ಅಪ್‌ಡೇಟ್‌ಗೆ ಪೂರ್ತಿ ಉಲ್ಟಾ ಆಯಿತು. 0 ಹಾಗೇ ಇತ್ತು, ಏಕೆಂದರೆ ಅದಕ್ಕೆ ಕರ್ನೆಲ್ ಗೊತ್ತೇ ಇಲ್ಲ, ಟಿಬೂಟ್ ಕೀಲಿಯನ್ನು ನಾನು ಮತ್ತೆ ಕಟ್ಟಬೇಕಾಯಿತು. ಇದು ಕಿರಿಕಿರಿಯೇ, ಆದರೆ ಓಡುವ ಕರ್ನೆಲ್ ಯಾವುದು ಅಂತ ಅಳೆದದ್ದರ ಬೆಲೆ ಅದು ಅಲ್ವಾ?

ದೊಡ್ಡ ತೂತು ಒಂದಿದೆ, ಎಸ್‌ಎಂಎಂ, ಅಂದರೆ ಆಪರೇಟಿಂಗ್ ಸಿಸ್ಟಮ್‌ಗೂ ಕಾಣದಂತೆ ಓಡುವ ಫರ್ಮ್‌ವೇರ್ ಭಾಗ. ಹೊಸದಾಗಿ ಶುರು ಮಾಡಿದರೂ ಫರ್ಮ್‌ವೇರ್‌ನ ಆ ಭಾಗ ಮೆಮೊರಿಯಲ್ಲಿ ಉಳಿದೇ ಇರುತ್ತದೆ. 2009ರಲ್ಲಿ ರಾಫಲ್ ವೊಯ್ತ್ಚುಕ್ ಮತ್ತು ಯೋಆನ್ನಾ ರುಟ್ಕೋವ್ಸ್ಕಾ ಅದೇ ದಾರಿಯಿಂದ ಟಿಬೂಟ್ ಮೇಲೆ ದಾಳಿ ತೋರಿಸಿದ್ದರು. ವಿಂಡೋಸ್‌ನ ಸೆಕ್ಯೂರ್ ಲಾಂಚ್ ಕೂಡ ಟಿಬೂಟ್‌ನಂತೆಯೇ ಹೊಸದಾಗಿ ಶುರು ಮಾಡುತ್ತದೆ, ಆದರೆ ಇಲ್ಲಿ ಮುಂದಿದೆ, ಬೆಂಬಲ ಇರುವ ಯಂತ್ರದಲ್ಲಿ ಎಸ್‌ಎಂಎಂನ ಅಳತೆಯೂ ಸೇರುತ್ತದೆ. ಸ್ನೇಹಿತನ ಯಂತ್ರದಲ್ಲಿ ನೋಡಿದಾಗ `Win32_DeviceGuard`ನ `SecurityServicesRunning` ಪಟ್ಟಿಯಲ್ಲಿ 3 ಇತ್ತು, ಅದು ಸೆಕ್ಯೂರ್ ಲಾಂಚ್. ಎಸ್‌ಎಂಎಂ ಅಳತೆಯ 4 ಇರಲಿಲ್ಲ. ಕೊಳ್ಳುವಾಗ ಈ 4 ಬರುತ್ತದೆಯೇ ಅಂತ ಕೇಳಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಟಿಬೂಟ್ ಉಳಿಸಿಕೊಂಡಿದ್ದೇನೆ, ಕರ್ನೆಲ್ ಬದಲಾದಾಗಲೆಲ್ಲ ಕೀಲಿ ಮತ್ತೆ ಕಟ್ಟುತ್ತೇನೆ.