ಡೆಲಿವರಿ ಹಬ್‌ನ ಒಂದು ಪುಟದ ವಾರದ ಡ್ಯಾಶ್‌ಬೋರ್ಡ್: ಯಾವ ಅಂಕಿ ಇರಲಿ, ಯಾವುದು ಬೇಡ

ಆನ್‌ಲೈನ್ ಅಂಗಡಿಗಳ ಪಾರ್ಸೆಲ್ ಹಂಚುವ ಹಬ್ ಒಂದನ್ನು ಲೆಕ್ಕಕ್ಕೆ ಹಿಡಿಯೋಣ. ಹದಿನೈದು–ಇಪ್ಪತ್ತು ರೈಡರ್‌ಗಳು, ನಾಲ್ಕೈದು ಪಿನ್‌ಕೋಡ್, ಅರ್ಧದಷ್ಟು ಕ್ಯಾಶ್ ಆನ್ ಡೆಲಿವರಿ. ಸೋಮವಾರದ ಮೀಟಿಂಗ್‌ಗೆ ಒಂದೇ ಎ4 ಹಾಳೆ. ಸಾಫ್ಟ್‌ವೇರ್ ಮೂವತ್ತು ಅಂಕಿ ಕೊಡುತ್ತದೆ, ಹಾಳೆಯಲ್ಲಿ ಓದುವಂತೆ ಕೂರುವುದು ಐದು. ಹಾಗಾಗಿ ಒಂದೇ ಜಾಗಕ್ಕೆ ಪೈಪೋಟಿ ಮಾಡುವ ಅಂಕಿಗಳನ್ನು ಜೋಡಿ ಮಾಡಿ, ಪಕ್ಕಪಕ್ಕ ಓಡಿಸಿ ನೋಡಿದ್ದೇವೆ. ಕೆಳಗಿನ ಸಂಖ್ಯೆಗಳು ಲೆಕ್ಕ ಸುಲಭವಾಗಲೆಂದು ಉದಾಹರಣೆಗೆ ತೆಗೆದುಕೊಂಡವು.

ಆನ್‌ಟೈಮ್ ಶೇಕಡಾವಾರು ಎದುರು ಮೊದಲ ಯತ್ನದ ಯಶಸ್ಸು

ಎಲ್ಲರೂ ಮೊದಲು ಹಾಕುವುದು ಆನ್‌ಟೈಮ್. ವಾರದಲ್ಲಿ ತಲುಪಿಸಬೇಕಾದ ಪಾರ್ಸೆಲ್ 3,000; ಹೇಳಿದ ದಿನದೊಳಗೆ ತಲುಪಿದ್ದು 2,760. ಅಂದರೆ 92%. ಆದರೆ ಬಹಳಷ್ಟು ರಿಪೋರ್ಟ್‌ಗಳು ಭಾಗಿಸುವುದು 3,000ದಿಂದಲ್ಲ, ಡೆಲಿವರಿ ಆದವುಗಳಿಂದ. ಡೆಲಿವರಿ ಆದದ್ದು 2,880 ಎಂದರೆ ಅದೇ ವಾರ 95.8% ಆಗಿಬಿಡುತ್ತದೆ. ತಲುಪದೇ ಉಳಿದ 120 ಪಾರ್ಸೆಲ್ ಲೆಕ್ಕದಿಂದಲೇ ಮಾಯ. ಗ್ರಾಹಕ 'ನಾಳೆ ಬನ್ನಿ' ಎಂದರೆ ಕೆಲವು ಸಿಸ್ಟಮ್‌ಗಳು ಕೊಟ್ಟ ಮಾತಿನ ದಿನಾಂಕವನ್ನೇ ಮುಂದಕ್ಕೆ ಬರೆದುಕೊಳ್ಳುತ್ತವೆ, ಆಗ ತಡವಾದದ್ದೂ ಆನ್‌ಟೈಮ್. ಈ ಅಂಕಿ ಬಳಸುವುದೇ ಆದರೆ ಮೊದಲು ಕೊಟ್ಟ ದಿನಾಂಕದಿಂದ, ಪೂರ್ತಿ 3,000ದ ಮೇಲೆ ಲೆಕ್ಕ ಹಾಕಬೇಕು.

ಸರಿಯಾಗಿ ಲೆಕ್ಕ ಹಾಕಿದರೂ ಅದು ಹಬ್ ಮ್ಯಾನೇಜರ್‌ಗೆ ಹೇಳುವುದು ಕಡಿಮೆ. ಅದೇ 3,000ದಲ್ಲಿ ಮೊದಲ ಸಲ ಹೊರಟಾಗಲೇ ಕೈಸೇರಿದ್ದು 2,340 ಎನ್ನಿ: 78%. ಉಳಿದ 660 ಪಾರ್ಸೆಲ್ ಹಬ್‌ಗೆ ವಾಪಸ್ ಬಂದು, ಮತ್ತೆ ವಿಂಗಡಣೆಯಾಗಿ, ಮತ್ತೆ ಬ್ಯಾಗಿಗೆ ಹೋಗಿವೆ. ಕೊಟ್ಟ ಗಡುವಿನಲ್ಲಿ ಒಂದೆರಡು ದಿನ ಸಡಿಲ ಇರುವುದರಿಂದ ಅವುಗಳಲ್ಲಿ ಹೆಚ್ಚಿನವು ಎರಡನೇ ಸುತ್ತಿನಲ್ಲಿ ತಲುಪಿ ಆನ್‌ಟೈಮ್ ಅನಿಸಿಕೊಂಡವು. ಪೆಟ್ರೋಲ್ ಮಾತ್ರ ಎರಡು ಸಲ ಸುಟ್ಟಿತು. ಜಾಗ ಒಂದೇ ಇದ್ದರೆ ನಮ್ಮ ಮತ ಮೊದಲ ಯತ್ನಕ್ಕೆ.

ಇದಕ್ಕೂ ಕಳ್ಳದಾರಿ ಉಂಟು. ವಿಫಲವಾದದ್ದನ್ನು ರೈಡರ್ 'ತೆಗೆದುಕೊಂಡೇ ಹೋಗಿರಲಿಲ್ಲ' ಎಂದು ಬಿಟ್ಟರೆ ಅದು ಯತ್ನವೆಂದೇ ದಾಖಲಾಗುವುದಿಲ್ಲ. ಆದ್ದರಿಂದ ರೈಡರ್ ಏನು ಒತ್ತಿದ ಎಂಬುದನ್ನು ಬಿಟ್ಟು, ಬೆಳಿಗ್ಗೆ ರನ್‌ಶೀಟ್‌ಗೆ, ಅಂದರೆ ರೈಡರ್ ಆ ದಿನ ಒಯ್ಯಬೇಕಾದ ಪಾರ್ಸೆಲ್‌ಗಳ ಪಟ್ಟಿಗೆ, ಸ್ಕ್ಯಾನ್ ಆದದ್ದನ್ನೇ ಛೇದ ಮಾಡಿಕೊಳ್ಳಿ. ರನ್‌ಶೀಟ್‌ನ ಪ್ರತಿ ಸಾಲಿಗೆ C ಕಾಲಂನಲ್ಲಿ ಪಾರ್ಸೆಲ್ ಎಷ್ಟನೇ ಸಲ ರನ್‌ಶೀಟ್‌ಗೆ ಬಂತು, D ಕಾಲಂನಲ್ಲಿ ಆ ದಿನದ ಕೊನೆಯ ಸ್ಥಿತಿ ಇದ್ದರೆ ಸೂತ್ರ ಇಷ್ಟೇ:

```
=COUNTIFS(C:C,1,D:D,"DELIVERED")/COUNTIFS(C:C,1)
```

ಅಂಕಿ ಕುಸಿದಾಗ ಮೊದಲು ವಿಫಲತೆಯ ಸಮಯ ನೋಡಿ. ಸಂಜೆ 7.10ರಿಂದ 7.14ರೊಳಗೆ ಒಬ್ಬನೇ ರೈಡರ್ ಒಂಬತ್ತು ಪಾರ್ಸೆಲ್‌ಗೆ 'ಗ್ರಾಹಕರು ಸಿಗಲಿಲ್ಲ' ಎಂದು ಒತ್ತಿದ್ದರೆ, ಒಂಬತ್ತಕ್ಕೂ ಲೊಕೇಶನ್ ಒಂದೇ ಕಡೆ ತೋರಿಸಿದರೆ, ಅವನು ಆ ಬಾಗಿಲುಗಳಿಗೆ ಹೋಗಿಲ್ಲ. ಹಾಗೆಂದು ಬೈಯುವ ಮೊದಲು ಅವನ ಬ್ಯಾಗಿಗೆ ಅವತ್ತು ಎಷ್ಟು ತುಂಬಿದ್ದಿರಿ ಎಂದೂ ನೋಡಿ. ಹೊತ್ತು ಮುಳುಗಿದರೂ ಮುಗಿಯದಷ್ಟು ಕೊಟ್ಟಿದ್ದರೆ ಸುಳ್ಳು ಹುಟ್ಟಿದ್ದು ಹಬ್‌ನಲ್ಲೇ.

ಆರ್‌ಟಿಒ: ವಾಪಸ್ ಬಂದ ವಾರದ ಲೆಕ್ಕವೋ, ಹೊರಟ ವಾರದ ಲೆಕ್ಕವೋ

ಇಲ್ಲಿ ಆಯ್ಕೆ ತಪ್ಪಿದರೆ ಹಾಳೆ ನೇರವಾಗಿ ಸುಳ್ಳು ಹೇಳುತ್ತದೆ. ಆರ್‌ಟಿಒ, ಅಂದರೆ ಗ್ರಾಹಕರ ಕೈಸೇರದೆ ಮಾರಾಟಗಾರನಿಗೆ ಮರಳುವ ಪಾರ್ಸೆಲ್, ಹೊರಟ ವಾರದಲ್ಲೇ ಮರಳುವುದಿಲ್ಲ. ಮೂರು ಯತ್ನ ಮುಗಿದು, ವಾಪಸ್ ಎಂದು ಗುರುತಾಗುವಷ್ಟರಲ್ಲಿ ಮುಂದಿನ ವಾರ ಬಂದಿರುತ್ತದೆ.

ಮಾಮೂಲಿ ವಾರ 2,000 ಪಾರ್ಸೆಲ್, ದೀಪಾವಳಿ ಸೇಲ್‌ನ ವಾರ 4,000, ಅದರ ಮರುವಾರ ಮತ್ತೆ 2,000 ಎಂದಿಟ್ಟುಕೊಳ್ಳಿ. ನಿಜವಾದ ಆರ್‌ಟಿಒ ಮೂರೂ ವಾರ 10%, ವಾಪಸಾತಿ ಒಂದು ವಾರ ತಡ. ವಾಪಸ್ ಬಂದದ್ದನ್ನು ಅದೇ ವಾರ ಹೊರಟದ್ದರಿಂದ ಭಾಗಿಸಿದರೆ, ಸೇಲ್ ವಾರದಲ್ಲಿ 200ನ್ನು 4,000ದಿಂದ ಭಾಗಿಸಿ 5% ಬರುತ್ತದೆ, ಎಲ್ಲರ ಮುಖದಲ್ಲೂ ಕಳೆ. ಮರುವಾರ 400ನ್ನು 2,000ದಿಂದ ಭಾಗಿಸಿ 20%, ಯಾರದ್ದೋ ತಲೆದಂಡ. ನೆಲದ ಮೇಲೆ ಏನೂ ಬದಲಾಗಿರಲಿಲ್ಲ.

ಹೊರಟ ವಾರದ ಗುಂಪನ್ನೇ ಕೊನೆಯವರೆಗೆ ಹಿಂಬಾಲಿಸಿದರೆ ಮೂರೂ ವಾರ 10% ಬರುತ್ತದೆ. ಇದರ ಬೆಲೆ ಎಂದರೆ ಕಾಯುವಿಕೆ: ಈ ಸೋಮವಾರದ ಹಾಳೆಯಲ್ಲಿ ಎರಡು ವಾರ ಹಿಂದೆ ಹೊರಟವುಗಳ ಅಂಕಿ ಇರುತ್ತದೆ. ಹಳೇ ಸುದ್ದಿ ಎಂಬ ಗೊಣಗಾಟ ಬಂದೇ ಬರುತ್ತದೆ, ಬರಲಿ. ಯಾವ ತಾರೀಖಿನ ಗುಂಪು ಎಂಬುದನ್ನು ಅಂಕಿಯ ಕೆಳಗೇ ಬರೆಯಿರಿ, ಗುಂಪಿನ 95% ಪಾರ್ಸೆಲ್‌ಗಳ ಗತಿ ಇತ್ಯರ್ಥವಾಗದೆ ಅಂಕಿ ಹಾಕಬೇಡಿ. ಕ್ಯಾಶ್ ಆನ್ ಡೆಲಿವರಿಯದ್ದನ್ನೂ ಮೊದಲೇ ಹಣ ಕಟ್ಟಿದ್ದನ್ನೂ ಬೇರೆ ಮಾಡಿ ಎರಡು ಗೆರೆ ಎಳೆಯುವುದು ಒಳ್ಳೆಯದು. ಇಲ್ಲದಿದ್ದರೆ ಕ್ಯಾಶ್ ಆರ್ಡರ್‌ಗಳ ಪಾಲು ಹೆಚ್ಚಿದ್ದಕ್ಕೇ ಏರಿದ ಅಂಕಿ ರೈಡರ್‌ಗಳ ತಪ್ಪಿನಂತೆ ಕಾಣುತ್ತದೆ.

ಡೆಲಿವರಿ ಸಮಯ ಎದುರು ಕೊಳೆಯುತ್ತಿರುವ ಪಾರ್ಸೆಲ್

ಸರಾಸರಿ ಸಮಯವನ್ನು ಬಿಟ್ಟುಬಿಡಿ. ಬೇಗ ತಲುಪುವ ಬಹುಪಾಲು ಪಾರ್ಸೆಲ್‌ಗಳು ಅದನ್ನು ಅಲುಗಾಡಲು ಬಿಡುವುದಿಲ್ಲ. ತಿಳಿದವರು ಅದರ ಬದಲು ಹತ್ತರಲ್ಲಿ ಒಂಬತ್ತು ಪಾರ್ಸೆಲ್ ಎಷ್ಟು ಗಂಟೆಯೊಳಗೆ ತಲುಪಿದವು ಎಂದು ಕೇಳುತ್ತಾರೆ (ಶೀಟ್‌ನಲ್ಲಿ `PERCENTILE.INC`, 0.9). ಇದು ಸರಾಸರಿಗಿಂತ ವಾಸಿ. ಆದರೆ ತಲುಪದ ಪಾರ್ಸೆಲ್‌ಗೆ ಡೆಲಿವರಿ ಸಮಯವೇ ಇಲ್ಲದ ಕಾರಣ ಅದು ಈ ಲೆಕ್ಕದಲ್ಲಿ ಇರುವುದೇ ಇಲ್ಲ. ರ‍್ಯಾಕ್‌ನ ಮೂಲೆಯಲ್ಲಿ ಎಂಬತ್ತು ಪಾರ್ಸೆಲ್ ಧೂಳು ತಿನ್ನುತ್ತಿರುವ ವಾರ ಈ ಅಂಕಿ ಚೆನ್ನಾಗಿರುತ್ತದೆ. ಅವನ್ನೆಲ್ಲ ಹುಡುಕಿ ತಲುಪಿಸಿದ ವಾರ ಹದಗೆಡುತ್ತದೆ. ಒಳ್ಳೆಯ ಕೆಲಸಕ್ಕೆ ಏಟು ಕೊಡುವ ಅಂಕಿ ವಾರದ ಹಾಳೆಗೆ ಬೇಡ.

ಇದಕ್ಕೆದುರು, ಹಬ್‌ಗೆ ಬಂದು 72 ಗಂಟೆ ದಾಟಿಯೂ ಡೆಲಿವರಿ ಆಗದ, ವಾಪಸ್ ಎಂದೂ ಗುರುತಾಗದ ಪಾರ್ಸೆಲ್‌ಗಳ ಬರೀ ಎಣಿಕೆ ಇಡಿ. ಶೇಕಡಾ ಬೇಡ, ಎಣಿಕೆಯೇ ಸಾಕು, ಯಾಕೆಂದರೆ ಅವನ್ನು ಒಂದೊಂದಾಗಿ ಹುಡುಕಬೇಕಾದವರು ಮನುಷ್ಯರು. ವಾರಕ್ಕೊಮ್ಮೆ ರ‍್ಯಾಕ್‌ನಲ್ಲಿರುವುದನ್ನು ಕೈಯಲ್ಲಿ ಎಣಿಸಿ ತಾಳೆ ನೋಡಿ. ಸಿಸ್ಟಮ್‌ನಲ್ಲಿದ್ದು ರ‍್ಯಾಕ್‌ನಲ್ಲಿ ಇಲ್ಲದಿದ್ದರೆ ಅದು ಕಳೆದುಹೋದ ಪಾರ್ಸೆಲ್.

ಪಾರ್ಸೆಲ್‌ಗೆ ತಗಲಿದ ಖರ್ಚು ಎದುರು ರೈಡರ್‌ನ ದಿನದ ಡೆಲಿವರಿ

ಮಾಲೀಕರಿಗೆ ಇಷ್ಟ ಖರ್ಚಿನ ಅಂಕಿ. ಆದರೆ ಬಾಡಿಗೆ, ಕರೆಂಟು ತಿಂಗಳ ಬಿಲ್ಲುಗಳು, ಪಾರ್ಸೆಲ್‌ಗಿಷ್ಟು ಎಂದು ರೈಡರ್‌ಗೆ ಕೊಡುವಲ್ಲಿ ಅದು ವಾರದಿಂದ ವಾರಕ್ಕೆ ಅಲುಗುವುದೂ ಇಲ್ಲ. ತಿಂಗಳ ಹಾಳೆಗೆ ಹೋಗಲಿ. ವಾರಕ್ಕೆ ಒಬ್ಬ ರೈಡರ್ ದಿನಕ್ಕೆ ಎಷ್ಟು ತಲುಪಿಸಿದ ಎಂಬುದು ಸಾಕು, ಅದೂ ಪಿನ್‌ಕೋಡ್‌ವಾರು. ಅಪಾರ್ಟ್‌ಮೆಂಟ್ ದಟ್ಟವಾಗಿರುವ ಕಡೆಯವನನ್ನೂ ಊರಾಚೆಯ ಲೇಔಟ್ ಸುತ್ತುವವನನ್ನೂ ಒಂದೇ ಪಟ್ಟಿಯಲ್ಲಿ ರ‍್ಯಾಂಕ್ ಮಾಡಿದರೆ ಎರಡನೆಯವನು ಕೆಲಸ ಬಿಡುತ್ತಾನೆ.

ಐದನೆಯ ಜಾಗಕ್ಕೆ ಪೈಪೋಟಿಯೇ ಇಲ್ಲ: ರೈಡರ್ ಕೈಗೆ ಬಂದು 24 ಗಂಟೆ ಕಳೆದರೂ ಹಬ್‌ಗೆ ಜಮಾ ಆಗದ ನಗದು, ರೂಪಾಯಿಯಲ್ಲಿ. ಗ್ರಾಹಕರ ಸ್ಟಾರ್ ರೇಟಿಂಗ್ ಅನ್ನು ಹಾಕಿ ತೆಗೆದೆವು. ಇಷ್ಟು ಸಣ್ಣ ಹಬ್‌ನಲ್ಲಿ ವಾರಕ್ಕೆ ಬರುವ ರೇಟಿಂಗ್ ಕಡಿಮೆ, ಇಬ್ಬರು ಸಿಟ್ಟಾದರೆ ಗೆರೆ ಪಾತಾಳಕ್ಕೆ.

ಹಾಳೆಯಲ್ಲಿ ಪ್ರತಿ ಅಂಕಿಯ ಪಕ್ಕ ಹಿಂದಿನ ಎಂಟು ವಾರದ ಗೆರೆ, ಕೆಳಗೆ ಸಣ್ಣಕ್ಷರದಲ್ಲಿ ಯಾವುದನ್ನು ಯಾವುದರಿಂದ ಭಾಗಿಸಿದ್ದು, ಹಾಳೆಯ ತಳದಲ್ಲಿ ಮೊದಲ ಯತ್ನ ತೀರಾ ಹಿಂದಿರುವ ಎರಡು ಪಿನ್‌ಕೋಡ್. ಡೇಟಾವನ್ನು ಭಾನುವಾರ ಮಧ್ಯರಾತ್ರಿಗೆ ಎಳೆಯಬೇಡಿ. ನೆಟ್‌ವರ್ಕ್ ಇಲ್ಲದ ಕಡೆ ಒತ್ತಿದ ಡೆಲಿವರಿಗಳು ರೈಡರ್ ಫೋನ್‌ನಲ್ಲೇ ಕೂತಿದ್ದು, ಸೋಮವಾರ ಬೆಳಿಗ್ಗೆ ಅವನು ಹಬ್‌ನ ವೈಫೈಗೆ ಬಂದಾಗ ಸಿಂಕ್ ಆಗುತ್ತವೆ. ಎಲ್ಲರೂ ಹಾಜರಿ ಹಾಕಿದ ಮೇಲೆ ಎಳೆದು, ಮೀಟಿಂಗ್ ಅನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.