ಮಗುವಿನ ಮೂತ್ರ ಪರೀಕ್ಷೆಗೆ ಚೀಲ ಅಂಟಿಸುತ್ತಾರೆಯೇ? ಕಲ್ಚರ್ ವರದಿ ನಂಬುವ ಮೊದಲು ಇದನ್ನು ಓದಿ

ಒಂದು ವರ್ಷದೊಳಗಿನ ಮಗು ಇರುವ ಪ್ರತಿಯೊಬ್ಬರೂ ಇದನ್ನು ಓದಬೇಕು ಎಂದು ಬರೆಯುತ್ತಿದ್ದೇನೆ. ಬರೆಯಲು ನಾಚಿಕೆಯೂ ಆಗುತ್ತಿದೆ. ನಾನು ಪದವಿ ಓದಿದವಳು. ಆದರೂ ನನ್ನ ಕಣ್ಣ ಮುಂದೆಯೇ ಅಷ್ಟೆಲ್ಲ ನಡೆಯುವಾಗ ಒಂದು ಪ್ರಶ್ನೆಯನ್ನೂ ಕೇಳದೆ ಕುಳಿತಿದ್ದೆ.

ನಮ್ಮದು ಆಲ್ದೂರಿನ ಹತ್ತಿರ. ಮಗಳಿಗೆ ಆಗ ಒಂಬತ್ತು ತಿಂಗಳು. ಕಳೆದ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ರಾತ್ರಿ ಜ್ವರ ಬಂತು, 102 ಡಿಗ್ರಿ. ನೆಗಡಿ ಇಲ್ಲ, ಕೆಮ್ಮಿಲ್ಲ, ಭೇದಿ ಇಲ್ಲ. ಹಾಲು ಕುಡಿಯಲು ಬಾಯಿ ಹಾಕಿ ತಕ್ಷಣ ಬಿಟ್ಟುಬಿಡುತ್ತಿದ್ದಳು. ಸೋಮವಾರ ಎರಡು ಸಲ ವಾಂತಿ ಮಾಡಿದಳು. ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು. ಹಲ್ಲು ಬರುತ್ತಿರಬೇಕು ಎಂದರು ಅತ್ತೆ. ಅವರದೇನೂ ತಪ್ಪಿಲ್ಲ, ನಾನೂ ಹಾಗೆಯೇ ಅಂದುಕೊಂಡಿದ್ದೆ. ಇಷ್ಟು ಸಣ್ಣ ಮಗುವಿಗೆ ಮೂತ್ರದ ಸೋಂಕು ಆಗುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ದೊಡ್ಡವರಾದರೆ ಉರಿ ಎನ್ನುತ್ತಾರೆ, ಪದೇ ಪದೇ ಹೋಗುತ್ತಾರೆ. ಮಗು ಏನು ಹೇಳುತ್ತದೆ? ಕಾರಣ ಕಾಣದ ಜ್ವರ, ಹಾಲು ಬೇಡ ಎನ್ನುವುದು, ವಾಂತಿ, ರಂಪ, ಅದಕ್ಕೆ ಗೊತ್ತಿರುವುದು ಇಷ್ಟೇ. ಮೂತ್ರ ನಾತ ಹೊಡೆಯಬೇಕು ಎಂದೇನೂ ಇಲ್ಲ. ನನ್ನ ಮಗಳ ಡೈಪರ್ ಎಂದಿನಂತೆಯೇ ಇತ್ತು.

ಮಂಗಳವಾರ ಬೆಳಿಗ್ಗೆ ಚಿಕ್ಕಮಗಳೂರಿನ ಒಂದು ನರ್ಸಿಂಗ್ ಹೋಂಗೆ ಹೋದೆವು. ಹೆಸರು ಬರೆಯುವುದಿಲ್ಲ. ವೈದ್ಯರು ಗಂಟಲು, ಕಿವಿ, ಎದೆ ಎಲ್ಲ ನೋಡಿ, ಏನೂ ಕಾಣುವುದಿಲ್ಲ, ಯೂರಿನ್ ಇನ್ಫೆಕ್ಷನ್ ಇರಬಹುದು ಎಂದರು. ಆ ಅನುಮಾನ ಸರಿಯಾಗಿಯೇ ಇತ್ತು, ಅದನ್ನು ಒಪ್ಪುತ್ತೇನೆ. ಅಡ್ಮಿಟ್ ಮಾಡಿಸಿದರು. ಹತ್ತು ಗಂಟೆಗೆ ಕೈಗೆ ಸೂಜಿ ಹಾಕಿ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಮೂತ್ರ ಹಿಡಿಯುವ ಕೆಲಸ ಶುರುವಾದದ್ದು ಅದರ ನಂತರ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ. ಮೊದಲು ಇಂಜೆಕ್ಷನ್, ಆಮೇಲೆ ಮೂತ್ರ.

ಸಿಸ್ಟರ್ ಒಂದು ಸಣ್ಣ ಪ್ಲಾಸ್ಟಿಕ್ ಚೀಲ ತಂದು, ಅದರ ಅಂಟುಪಟ್ಟಿಯನ್ನು ಮಗುವಿನ ಮೂತ್ರದ ಜಾಗದ ಸುತ್ತ ಅಂಟಿಸಿದರು. ಒರೆಸಿದ್ದು ಒಂದೇ ಸಲ, ಒಣ ಹತ್ತಿಯಲ್ಲಿ. ಹನ್ನೆರಡು ಗಂಟೆಯ ಹೊತ್ತಿಗೆ ಪಟ್ಟಿ ಸಡಿಲವಾಗಿ ಮೂತ್ರವೆಲ್ಲ ಬಟ್ಟೆಗೆ ಹೋಯಿತು, ಜೊತೆಗೆ ಕಕ್ಕವನ್ನೂ ಮಾಡಿಕೊಂಡಳು. ಚೀಲದ ಅಂಚಿಗೆ ಕಕ್ಕ ಅಂಟಿತ್ತು. ನಾನೇ ಸಿಸ್ಟರ್‌ಗೆ ತೋರಿಸಿದೆ. ‘ಪರವಾಗಿಲ್ಲ ಅಮ್ಮ, ಒರೆಸಿಬಿಡಿ’ ಎಂದು ಅದೇ ಚೀಲಕ್ಕೆ ಮೇಲಿನಿಂದ ಟೇಪ್ ಸುತ್ತಿದರು. ಎರಡು ಗಂಟೆಗೆ ಚೀಲದಲ್ಲಿ ಒಂದಿಷ್ಟು ಮೂತ್ರ ಸೇರಿತು. ಅದನ್ನು ಬಾಟಲಿಗೆ ಬಗ್ಗಿಸಿ ಕಿಟಕಿಯ ಪಕ್ಕದ ಟ್ರೇಯಲ್ಲಿ ಇಟ್ಟರು. ಲ್ಯಾಬಿನ ಹುಡುಗ ಬಂದು ತೆಗೆದುಕೊಂಡು ಹೋದದ್ದು ಐದು ಗಂಟೆಗೆ. ಮೂರು ಗಂಟೆ ಕಾಲ ಆ ಬಾಟಲಿ ಅಲ್ಲೇ ಇತ್ತು. ನಾನು ಅದನ್ನೇ ನೋಡುತ್ತ ಕುಳಿತಿದ್ದೆ. ನೋಡುತ್ತ ಕುಳಿತಿದ್ದೆ!

ಗುರುವಾರ ಸಂಜೆ ಕಲ್ಚರ್ ವರದಿ ಬಂತು, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದ ವರದಿ. ‘ಮೂರು ಬಗೆಯ ಬ್ಯಾಕ್ಟೀರಿಯಾ ಬೆಳೆದಿದೆ, ಒಂದಲ್ಲ ಮೂರು. ಸರಿಯಾದ ಸಮಯಕ್ಕೆ ತಂದಿರಿ’ ಎಂದರು ವೈದ್ಯರು. ನಾನು ಅತ್ತುಬಿಟ್ಟೆ. ನಮ್ಮ ಯಜಮಾನರು ಅವರಿಗೆ ಕೈ ಮುಗಿದರು. ಶುಕ್ರವಾರ ಬೆಳಿಗ್ಗೆ ಜ್ವರ ಬಿಟ್ಟಿತ್ತು, ಡಿಸ್ಚಾರ್ಜ್ ಎಂದರು. ಬಿಲ್ 14,600 ರೂಪಾಯಿ. ಮನೆಗೆ ಕೊಟ್ಟದ್ದು ಜ್ವರದ ಸಿರಪ್ ಮತ್ತು ವಿಟಮಿನ್ ಡ್ರಾಪ್ಸ್ ಮಾತ್ರ. ಆ್ಯಂಟಿಬಯೋಟಿಕ್ ಮುಂದುವರಿಸಬೇಕೇ ಎಂದು ಯಜಮಾನರು ಕೇಳಿದರು. ‘ಮೂರು ದಿನ ಇಂಜೆಕ್ಷನ್ ಆಗಿದೆಯಲ್ಲ, ಜ್ವರ ಹೋದ ಮೇಲೆ ಇನ್ನೇಕೆ?’ ಎಂಬ ಉತ್ತರ ಬಂತು. ಮೂರು ಬಗೆಯ ಸೋಂಕು ಎಂದು ಹೆದರಿಸಿದ ಬಾಯಿಯೇ ಮೂರು ದಿನದ ಔಷಧಿ ಸಾಕು ಎಂದಿತು. ನಮಗೆ ಅದು ಹೊಳೆಯಲಿಲ್ಲ.

ಹನ್ನೊಂದು ದಿನಕ್ಕೆ ಮತ್ತೆ ಅದೇ ಜ್ವರ, ಅದೇ ವಾಂತಿ. ನಾವು ಆಗ ಹಾಸನದಲ್ಲಿ ನಾದಿನಿಯ ಮನೆಯಲ್ಲಿದ್ದೆವು. ಅಲ್ಲಿಯ ಮಕ್ಕಳ ವೈದ್ಯೆಯೊಬ್ಬರ ಬಳಿ ಕರೆದುಕೊಂಡು ಹೋಗಿ ಹಳೆಯ ವರದಿಯನ್ನು ಮುಂದಿಟ್ಟೆ. ಅವರು ಅದನ್ನು ಓದಿ, ಚಿಕಿತ್ಸೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದು ಇಷ್ಟು:

‘ಮೂತ್ರ ಹೇಗೆ ಹಿಡಿದರು?’

ಚೀಲದಲ್ಲಿ ಎಂದೆ.

‘ಇಂಜೆಕ್ಷನ್ ಕೊಡುವ ಮೊದಲೋ, ನಂತರವೋ?’

ನಂತರ ಎಂದೆ. ಹೇಳುವಾಗಲೇ ನನ್ನ ದನಿ ಇಳಿದುಹೋಯಿತು, ಏನೋ ಆಗಬಾರದ್ದು ಆಗಿದೆ ಎಂದು ಅವರ ಮುಖ ನೋಡಿಯೇ ಗೊತ್ತಾಯಿತು. ‘ಹಾಗಾದರೆ ಈ ಹಾಳೆಯಿಂದ ನನಗೆ ಏನೂ ತಿಳಿಯುವುದಿಲ್ಲಮ್ಮ’ ಎಂದರು.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಮೂತ್ರಕೋಶದ ಒಳಗೆ ಸೋಂಕು ಇದ್ದರೆ ಸಾಮಾನ್ಯವಾಗಿ ಒಂದೇ ಬಗೆಯ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಹೆಚ್ಚಿನ ಮಕ್ಕಳಲ್ಲಿ ಅದು ಇ-ಕೋಲೈ ಎಂಬ ಬ್ಯಾಕ್ಟೀರಿಯಾ. ಎರಡು ಮೂರು ಬಗೆ ಒಟ್ಟಿಗೆ ಬೆಳೆದರೆ ಅದು ದೊಡ್ಡ ಸೋಂಕಿನ ಗುರುತಲ್ಲ, ಚರ್ಮದ್ದು ಮತ್ತು ಮಲದ್ದು ಮೂತ್ರಕ್ಕೆ ಬೆರೆತ ಗುರುತು. ಚೀಲದಲ್ಲಿ ಮೂತ್ರ ಚರ್ಮಕ್ಕೆ ತಾಗಿಕೊಂಡೇ ನಿಲ್ಲುತ್ತದೆ. ಬಾಟಲಿ ಹೊರಗಿದ್ದಷ್ಟು ಹೊತ್ತು ಬೆರೆತದ್ದು ಬೆಳೆಯುತ್ತಲೇ ಇರುತ್ತದೆ. ಒಂದು ಗಂಟೆಯೊಳಗೆ ಲ್ಯಾಬಿಗೆ ಹೋಗಬೇಕು, ಆಗದಿದ್ದರೆ ಫ್ರಿಜ್‌ನಲ್ಲಿ ಇಡಬೇಕು. ಇನ್ನು ಒಳಗೆ ನಿಜವಾಗಿ ಇದ್ದ ಬ್ಯಾಕ್ಟೀರಿಯಾ? ಇಂಜೆಕ್ಷನ್ ಮೊದಲೇ ಹೋಗಿದ್ದರೆ ಕೆಲವೇ ಗಂಟೆಗಳಲ್ಲಿ ಅದು ಮೂತ್ರದಿಂದ ಮರೆಯಾಗಬಹುದು, ಕಲ್ಚರ್‌ನಲ್ಲಿ ಸಿಗದೇ ಹೋಗಬಹುದು. ಅಂದರೆ ಹುಡುಕಬೇಕಾದದ್ದನ್ನು ಅಳಿಸಿ, ಬೇಡದ್ದನ್ನು ಬೆಳೆಸಿ, ಅದಕ್ಕೆ ‘ಮೂರು ಬಗೆ’ ಎಂದು ಹೆಸರಿಟ್ಟು ನನ್ನನ್ನು ಅಳಿಸಿದ್ದರು.

ಚೀಲ ಪೂರ್ತಿ ನಿರುಪಯೋಗಿ ಎಂದು ಅವರು ಹೇಳಲಿಲ್ಲ. ಚೀಲದ ಮೂತ್ರದಲ್ಲಿ ಸೋಂಕು ಇದ್ದಾಗ ಕಾಣುವ ಪಸ್ ಸೆಲ್ ಇಲ್ಲ, ಎಲ್ಲ ಸ್ವಚ್ಛ ಎಂದು ಬಂದರೆ ಸೋಂಕಿನ ಸಾಧ್ಯತೆ ಕಡಿಮೆ ಎನ್ನಬಹುದು. ಆದರೆ ಏನಾದರೂ ಕಂಡರೆ ಅದನ್ನೇ ನಂಬಿ ಕಲ್ಚರ್‌ಗೆ ಕಳಿಸಬಾರದು, ಬೇರೆ ರೀತಿಯಲ್ಲಿ ಮತ್ತೊಮ್ಮೆ ಹಿಡಿಯಬೇಕು.

ಅಲ್ಲಿ ಹಿಡಿದ ರೀತಿ ನೋಡಿ. ಔಷಧಿಗೆ ಕೈ ಹಚ್ಚುವ ಮೊದಲು ನನಗೆ ಹಾಲು ಕುಡಿಸಲು ಹೇಳಿದರು. ಮಗುವಿನ ಕೆಳಭಾಗವನ್ನು ಸೋಪು ನೀರಿನಲ್ಲಿ ತೊಳೆದು ಒರೆಸಿದರು. ನಾನು ಅವಳನ್ನು ತೊಡೆಯ ಮೇಲೆ ಕಾಲು ಅಗಲಿಸಿ ಹಿಡಿದುಕೊಂಡೆ. ಸಿಸ್ಟರ್ ತಣ್ಣೀರಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಕಿಬ್ಬೊಟ್ಟೆಯ ಮೇಲೆ ಸುತ್ತಾಕಾರದಲ್ಲಿ ಉಜ್ಜುತ್ತ, ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆದ ಸ್ಟೆರೈಲ್ ಬಾಟಲಿ ಹಿಡಿದು ನಿಂತರು. ಆ ತಂಪಿಗೆ ಎಷ್ಟೋ ಮಕ್ಕಳು ಐದು ನಿಮಿಷದೊಳಗೆ ಮೂತ್ರ ಮಾಡುತ್ತವೆ, ಗಾಳಿಯಲ್ಲಿ ಬೀಳುವಾಗಲೇ ಹಿಡಿಯಬೇಕು. ನನ್ನ ಮಗಳು ಮಾಡಲಿಲ್ಲ. ಆಗ ಮೂಗಿನಿಂದ ಹಾಲು ಕೊಡಲು ಬಳಸುವಂಥ ತೀರ ಸಣ್ಣ ನಳಿಕೆಯನ್ನು ಕ್ಯಾಥೆಟರ್‌ನಂತೆ ಮೂತ್ರನಾಳಕ್ಕೆ ಹಾಕಿದರು. ಮೊದಲ ಕೆಲವು ಹನಿ ಚೆಲ್ಲಿ, ಆಮೇಲಿನದನ್ನು ಬಾಟಲಿಗೆ ಹಿಡಿದು ನಳಿಕೆ ತೆಗೆದುಬಿಟ್ಟರು. ಅತ್ತಳು, ಜೋರಾಗಿಯೇ ಅತ್ತಳು. ಎರಡು ನಿಮಿಷವೂ ಹಿಡಿಯಲಿಲ್ಲ. ನಾಲ್ಕು ಗಂಟೆ ಚೀಲ ಕಟ್ಟಿಸಿಕೊಂಡು, ಟೇಪ್ ಕೀಳುವಾಗ ಚರ್ಮ ಕೆಂಪಾದದ್ದಕ್ಕಿಂತ ಇದೇ ವಾಸಿ.

ಬಾಟಲಿ ಲ್ಯಾಬಿಗೆ ಹೋದ ಮೇಲೆ ಇಂಜೆಕ್ಷನ್. ವಾಂತಿ ಆಗುತ್ತಿದ್ದುದರಿಂದ ಎರಡು ದಿನ ಮಾತ್ರ ಇಂಜೆಕ್ಷನ್ ಕೊಟ್ಟರು. ಕಲ್ಚರ್‌ನಲ್ಲಿ ಬಂದದ್ದು ಒಂದೇ ಒಂದು, ಇ-ಕೋಲೈ, ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಮೇಲೆ. ಕ್ಯಾಥೆಟರ್‌ನಿಂದ ತೆಗೆದದ್ದಾದರೆ ಸೋಂಕು ಎನ್ನಲು 50,000 ಇದ್ದರೂ ಸಾಕು ಎಂದರು. ಯಾವ ಔಷಧಿಗೆ ಅದು ಸಾಯುತ್ತದೆ ಎಂಬುದೂ ವರದಿಯಲ್ಲಿತ್ತು, ಅದರ ಪ್ರಕಾರ ಸಿರಪ್ ಬರೆದರು. ಒಟ್ಟು ಹತ್ತು ದಿನ. ಎರಡನೆಯ ದಿನ ಸಂಜೆಗೇ ಜ್ವರ ಇಳಿಯಿತು, ಆದರೂ ಹತ್ತು ದಿನ. ಜ್ವರ ಬಂದಿದೆ ಎಂದರೆ ಸೋಂಕು ಮೂತ್ರಪಿಂಡದವರೆಗೂ ಹೋಗಿರಬಹುದು ಎಂದು ಎಣಿಸಿ ಏಳರಿಂದ ಹತ್ತು ದಿನ ಕೊಡುತ್ತಾರಂತೆ. ಜ್ವರವಿಲ್ಲದ, ಬರೀ ಉರಿ ಇರುವ ದೊಡ್ಡ ಮಕ್ಕಳಿಗೆ ಮೂರರಿಂದ ಐದು ದಿನ ಸಾಕಾಗಬಹುದು. ನನ್ನ ಮಗಳಿಗೆ ಮೊದಲ ಸಲ ಕೊಟ್ಟದ್ದು ಆ ಲೆಕ್ಕದ ಔಷಧಿ. ಒಂಬತ್ತು ತಿಂಗಳ ಮಗುವಿಗೆ, 102 ಜ್ವರ ಇದ್ದವಳಿಗೆ.

ಹಿಂತಿರುಗುವಾಗ ಚಿಕ್ಕಮಗಳೂರಿನ ಆ ನರ್ಸಿಂಗ್ ಹೋಂಗೆ ಎರಡೂ ವರದಿ ಹಿಡಿದುಕೊಂಡು ಹೋದೆ. ದುಡ್ಡಿಗಾಗಿ ಅಲ್ಲ. ಒಂದು ಉತ್ತರಕ್ಕಾಗಿ. ‘ನಾವು ಎಲ್ಲ ಮಕ್ಕಳಿಗೂ ಚೀಲವನ್ನೇ ಹಾಕುವುದು’ ಎಂದರು ವೈದ್ಯರು. ಇಂಜೆಕ್ಷನ್ ಮೊದಲು ಏಕೆ ಕೊಟ್ಟಿರಿ ಎಂದೆ. ‘ಜ್ವರದ ಮಗುವನ್ನು ಕಾಯಿಸಬೇಕಿತ್ತೇ?’ ಎಂದರು. ನಳಿಕೆಯಲ್ಲಿ ಎರಡು ನಿಮಿಷದ ಕೆಲಸ, ಯಾರೂ ಕಾಯಬೇಕಿರಲಿಲ್ಲ ಎಂದೆ. ಆಗ ಬಂದ ಮಾತು ನನ್ನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿದೆ: ‘ನಳಿಕೆ ಹಾಕುತ್ತೇವೆ ಎಂದರೆ ನೀವು ತಾಯಂದಿರೇ ಬೇಡ ಎನ್ನುತ್ತೀರಿ.’ ನನ್ನನ್ನು ಯಾರೂ ಕೇಳಲಿಲ್ಲ! ಕೇಳಿದ್ದರೆ ಬೇಡ ಎನ್ನುತ್ತಿದ್ದೆನೋ ಏನೋ, ಆದರೆ ಏಕೆ ಬೇಕು ಎಂದು ಹೇಳಿದ್ದರೆ ಖಂಡಿತ ಒಪ್ಪುತ್ತಿದ್ದೆ. ಯಾರೂ ಕೇಳಲಿಲ್ಲ.

ನಷ್ಟ 14,600 ರೂಪಾಯಿಗೆ ಮುಗಿದಿಲ್ಲ, ಅದಕ್ಕೇ ಇಷ್ಟು ಬರೆದದ್ದು. ಮಗುವಿಗೆ ಜ್ವರದ ಜೊತೆ ಮೂತ್ರದ ಸೋಂಕು ಎರಡನೆಯ ಸಲ ಬಂದರೆ ಮೂತ್ರಕೋಶಕ್ಕೆ ದ್ರವ ತುಂಬಿ ಎಕ್ಸ್‌ರೇ ತೆಗೆಯುವ ಒಂದು ಪರೀಕ್ಷೆ ಬೇಕಾಗುತ್ತದೆ, ಎಂಸಿಯು ಎನ್ನುತ್ತಾರೆ. ಮೂತ್ರ ಹಿಂದಕ್ಕೆ, ಮೂತ್ರಪಿಂಡದ ಕಡೆಗೆ ಹೋಗುತ್ತಿದೆಯೇ ಎಂದು ನೋಡಲು. ನನ್ನ ಮಗಳಿಗೆ ಈಗ ಬಂದದ್ದು ಮೊದಲನೆಯದೋ ಎರಡನೆಯದೋ? ಯಾರಿಗೂ ಗೊತ್ತಿಲ್ಲ. ಅಕ್ಟೋಬರ್‌ನಲ್ಲಿ ಬಂದದ್ದು ಇದೇ ಸೋಂಕೋ, ಬೇರೆ ಯಾವುದೋ ವೈರಲ್ ಜ್ವರವೋ, ಇನ್ನು ಯಾವ ಲ್ಯಾಬೂ ಹೇಳಲಾರದು. ಅಲ್ಟ್ರಾಸೌಂಡ್ ಸ್ಕ್ಯಾನ್ ಸರಿಯಿದೆ. ಹಾಗಾಗಿ ಸದ್ಯಕ್ಕೆ ಆ ಪರೀಕ್ಷೆ ಬೇಡ, ಮತ್ತೆ ಜ್ವರ ಬಂದರೆ ಒಂದು ದಿನವೂ ತಡಮಾಡದೆ ಮೊದಲು ಮೂತ್ರ ಪರೀಕ್ಷೆ, ಅದರಲ್ಲಿ ಸೋಂಕು ಕಂಡರೆ ಎಂಸಿಯು ಎಂದಿದ್ದಾರೆ ವೈದ್ಯೆ.

ನಿಮಗೆ ಹೇಳುವುದು ಇಷ್ಟೇ. ಮಗು ತೀರ ಬಳಲಿಲ್ಲವಾದರೆ, ಆ್ಯಂಟಿಬಯೋಟಿಕ್ ಕೊಡುವ ಮೊದಲು ಮೂತ್ರ ತೆಗೆದುಕೊಳ್ಳಿ ಎಂದು ಬಾಯಿ ಬಿಟ್ಟು ಹೇಳಿ, ಕಲ್ಚರ್ ಎಂದರೆ ಚೀಲ ಬೇಡ ಎನ್ನಿ. ಎರಡು ಮೂರು ತಿಂಗಳೊಳಗಿನ ಕೂಸಾದರೆ ಮನೆಯಲ್ಲಿ ಒಂದು ರಾತ್ರಿಯೂ ಕಾಯಬೇಡಿ. ಜ್ವರ ಬಿಟ್ಟಿತು ಎಂದು ಯಾರೇ ಔಷಧಿ ನಿಲ್ಲಿಸಿದರೂ ಒಟ್ಟು ಎಷ್ಟು ದಿನ ಎಂದು ಬರೆಸಿಕೊಳ್ಳಿ.

ಆ ಮೊದಲ ವರದಿಯನ್ನು ಹರಿದು ಹಾಕಬೇಕು ಎನ್ನಿಸಿತ್ತು. ಹಾಸನದ ವೈದ್ಯೆ ಬೇಡ ಎಂದರು. ಅದರ ಮೇಲೆ ‘ಚೀಲದಲ್ಲಿ ಹಿಡಿದದ್ದು, ಇಂಜೆಕ್ಷನ್ ನಂತರ’ ಎಂದು ಕೆಂಪು ಪೆನ್ನಿನಲ್ಲಿ ಬರೆದು, ಮುಂದೆ ನೋಡುವ ವೈದ್ಯರು ಮೋಸ ಹೋಗದಿರಲಿ ಎಂದು ಮಗಳ ಫೈಲಿಗೆ ಸೇರಿಸಿದ್ದಾರೆ.