78ನೇ ರೇಖಾಂಶದ ಎರಡೂ ಬದಿಯಲ್ಲಿ ಆರು ವರ್ಷ: ಕೈ ಜಿಪಿಎಸ್ ಯಂತ್ರದ ಬಳಕೆದಾರರ ವಿಮರ್ಶೆ

ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಕೆರೆಗಳ ಏರಿ, ತೂಬು, ಕೋಡಿಗಳನ್ನು ಗುರುತಿಸುವ ಕೆಲಸಕ್ಕೆ ನಾನು ಆರು ವರ್ಷಗಳಿಂದ ಒಂದೇ ಕೈ ಜಿಪಿಎಸ್ ಯಂತ್ರವನ್ನು ಬಳಸುತ್ತಿದ್ದೇನೆ. ಬ್ಯಾಟರಿ, ಗಟ್ಟಿತನ, ಬಿಸಿಲಿನಲ್ಲಿ ಪರದೆ ಕಾಣುವ ಬಗೆ ಇವುಗಳಲ್ಲಿ ದೂರಲು ಏನೂ ಇಲ್ಲ. ಬಯಲಿನಲ್ಲಿ ಮೂರರಿಂದ ಐದು ಮೀಟರ್ ನಿಖರತೆ ದೊರೆಯುತ್ತದೆ, ಕೆರೆಯ ಕೆಲಸಕ್ಕೆ ಅಷ್ಟು ಸಾಕು. ಆದರೆ ಈ ಯಂತ್ರ ತೋರಿಸುವ ಅಂಕಿಗಳನ್ನು ಹೇಗೆ ಓದಬೇಕೆಂಬುದು ಅದರ ಜೊತೆಗೆ ಬಂದ ಪುಸ್ತಿಕೆಯಲ್ಲಿ ಇರಲಿಲ್ಲ. ಅದನ್ನು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ನಮ್ಮ ಎರಡು ಜಿಲ್ಲೆಗಳಲ್ಲಿ ಇದನ್ನು ಬಳಸುವವರಿಗೆ ಆ ಭಾಗವೇ ಹೆಚ್ಚು ಮುಖ್ಯವೆಂದು ಭಾವಿಸಿ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಯಂತ್ರ ಸ್ಥಳವನ್ನು ಮೀಟರುಗಳಲ್ಲಿ ಹೇಳಲು ಬಳಸುವ ಯುಟಿಎಂ ಪದ್ಧತಿಯು ಭೂಮಿಯನ್ನು ಆರಾರು ಡಿಗ್ರಿ ಅಗಲದ 60 ವಲಯಗಳಾಗಿ ಸೀಳುತ್ತದೆ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ 43ನೇ ವಲಯ, 78ರಿಂದ 84ರವರೆಗೆ 44ನೇ ವಲಯ. ಪ್ರತಿ ವಲಯದ ನಡುವಿನ ರೇಖಾಂಶಕ್ಕೆ 5,00,000 ಮೀಟರ್ ಎಂಬ ಬೆಲೆ ಕೊಟ್ಟು, ಅಲ್ಲಿಂದ ಪೂರ್ವಕ್ಕೆ ಕೂಡುತ್ತಾ ಪಶ್ಚಿಮಕ್ಕೆ ಕಳೆಯುತ್ತಾ ಈಸ್ಟಿಂಗ್ ಎಣಿಸುತ್ತಾರೆ. ಸಮಭಾಜಕದಿಂದ ಉತ್ತರಕ್ಕಿರುವ ದೂರವೇ ನಾರ್ದಿಂಗ್. ತುಮಕೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಮಾಲೂರು 43ರಲ್ಲಿವೆ. ಚಿಂತಾಮಣಿ, ಕೋಲಾರ, ಶ್ರೀನಿವಾಸಪುರ, ಬಂಗಾರಪೇಟೆ 44ರಲ್ಲಿವೆ. ವಲಯದ ಗಡಿ ನಮ್ಮ ಹೊಲಗಳ ನಡುವೆಯೇ ಹಾದುಹೋಗುತ್ತದೆ.

ಶಿಡ್ಲಘಟ್ಟ ಮತ್ತು ಚಿಂತಾಮಣಿಯ ನಡುವೆ, ಸುಮಾರು 13.4 ಡಿಗ್ರಿ ಅಕ್ಷಾಂಶದಲ್ಲಿ, ಈ ಗಡಿಯ ಮೇಲೆಯೇ ಇರುವ ಒಂದು ಕೆರೆಯಲ್ಲಿ ನನಗೆ ಇದು ಮೊದಲು ಎದುರಾಯಿತು. ತೂಬಿನ ಬಳಿ ಯಂತ್ರ `43 P 0824729 1483341` ಎಂದು ತೋರಿಸಿತು. ಏರಿಯ ಮೇಲೆ ಪೂರ್ವಕ್ಕೆ ನಡೆದು ಕೋಡಿಯನ್ನು ಮುಟ್ಟಿದಾಗ ಅದು `44 P 0175371 1483340` ಆಗಿತ್ತು. ನಡುವೆ ಎಲ್ಲೋ ಈಸ್ಟಿಂಗ್ 8,24,929ಕ್ಕೆ ಏರಿ, ಮರುಹೆಜ್ಜೆಗೆ 1,75,071ಕ್ಕೆ ಇಳಿದಿತ್ತು. ಯಂತ್ರ ವಲಯವನ್ನು ತಾನಾಗಿಯೇ ಬದಲಿಸಿತ್ತು, ಅದು ಸರಿಯಾದ ನಡವಳಿಕೆಯೇ. ನಾನು ಮಾತ್ರ ನೋಟ್ ಪುಸ್ತಕದಲ್ಲಿ ಮೊದಲಿನ ವಲಯದ ಗುರುತನ್ನು ಬಿಟ್ಟು ಉಳಿದ ಅಂಕಿಗಳನ್ನಷ್ಟೇ ಬರೆದುಕೊಂಡಿದ್ದೆ. ಮನೆಗೆ ಬಂದು ಎಲ್ಲವನ್ನೂ 43ನೇ ವಲಯವೆಂದು ಕಂಪ್ಯೂಟರಿಗೆ ತುಂಬಿಸಿದಾಗ ತೂಬು ಕೆರೆಯಲ್ಲಿಯೇ ಇತ್ತು, ಕೋಡಿ ಅರಬ್ಬೀ ಸಮುದ್ರದಲ್ಲಿತ್ತು. ಎರಡರ ನಡುವಿನ ದೂರ ಸುಮಾರು 649 ಕಿಲೋಮೀಟರ್ ಎಂದು ಬಂದಿತು.

ಇದಕ್ಕೆ ಪರಿಹಾರವೆಂದರೆ ಇಡೀ ಕೆರೆಯನ್ನು ಯಾವುದಾದರೂ ಒಂದೇ ವಲಯದಲ್ಲಿ ಹೇಳುವುದು. ವಲಯದ ಗಡಿಯನ್ನು ಸ್ವಲ್ಪ ದಾಟಿ ಅದೇ ವಲಯದ ಲೆಕ್ಕವನ್ನು ಮುಂದುವರಿಸಲು ಗಣಿತದ ಅಡ್ಡಿಯೇನೂ ಇಲ್ಲ. ಕೋಡಿಯ ಬಿಂದುವನ್ನು 44ರಿಂದ 43ಕ್ಕೆ ತರುವ ಕಂಪ್ಯೂಟರ್ ಆಜ್ಞೆ ಹೀಗಿದೆ, ಇದರಲ್ಲಿ EPSG:32644 ಮತ್ತು EPSG:32643 ಆ ಎರಡು ವಲಯಗಳ ಸಂಕೇತಗಳು:

```
echo "175371 1483340" | cs2cs EPSG:32644 EPSG:32643
```

ಉತ್ತರವನ್ನು ಹತ್ತಿರದ ಮೀಟರಿಗೆ ಸರಿಪಡಿಸಿದರೆ ಈಸ್ಟಿಂಗ್ 8,25,229, ನಾರ್ದಿಂಗ್ 14,83,347. ತೂಬಿನ ಈಸ್ಟಿಂಗನ್ನು ಇದರಿಂದ ಕಳೆದರೆ ನಾನು ನಡೆದ 500 ಮೀಟರ್ ಸಿಗುತ್ತದೆ. ನಾರ್ದಿಂಗ್ ಕೂಡ ಏಳು ಮೀಟರ್ ಬದಲಾಗಿರುವುದನ್ನು ಗಮನಿಸಬೇಕು. ಗಡಿಯಲ್ಲಿ ಎರಡು ವಲಯಗಳ ಚೌಕುಳಿಗಳು ಒಂದಕ್ಕೊಂದು ಸುಮಾರು 1.4 ಡಿಗ್ರಿ ಓರೆಯಾಗಿವೆ. ಆದ್ದರಿಂದ ಈಸ್ಟಿಂಗಿಗೆ ಮಾತ್ರ ಒಂದು ಸ್ಥಿರ ಸಂಖ್ಯೆಯನ್ನು ಕೂಡಿಸಿ ಪರಿವರ್ತನೆ ಮುಗಿಯಿತೆಂದುಕೊಳ್ಳುವವರ ಬಿಂದುಗಳು ಗಡಿಯಿಂದ ದೂರ ಹೋದಷ್ಟೂ ಹೆಚ್ಚು ತಪ್ಪುತ್ತವೆ. ಐದು ಕಿಲೋಮೀಟರ್ ಆಚೆ ನಾರ್ದಿಂಗಿನ ವ್ಯತ್ಯಾಸ 120 ಮೀಟರ್ ಮೀರುತ್ತದೆ.

ಗಡಿಯ ಬಳಿ ಇರುವುದರಿಂದ ಇನ್ನೊಂದು ಸಣ್ಣ ಪರಿಣಾಮವೂ ಇದೆ. ಇಲ್ಲಿ ಯುಟಿಎಂ ಅಂಕಿಗಳಿಂದ ಲೆಕ್ಕ ಹಾಕಿದ ಒಂದು ಕಿಲೋಮೀಟರ್ ನೆಲದ ಅಳತೆಗಿಂತ ಸುಮಾರು 90 ಸೆಂಟಿಮೀಟರ್ ಉದ್ದವಾಗಿ ಬರುತ್ತದೆ, ವಿಸ್ತೀರ್ಣ ಎಕರೆಗೆ ಸುಮಾರು ಏಳು ಚದರ ಮೀಟರ್ ಹೆಚ್ಚುತ್ತದೆ. ಕೆರೆಯ ಹೂಳಿನ ಅಂದಾಜಿಗೆ ಇದು ಲೆಕ್ಕಕ್ಕೆ ಬಾರದು.

ವಲಯದ ತಪ್ಪು ಸಮುದ್ರದಲ್ಲಿ ಬಿದ್ದು ತನ್ನನ್ನು ತಾನೇ ತೋರಿಸಿಕೊಡುತ್ತದೆ. ನನ್ನನ್ನು ಹೆಚ್ಚು ಕಾಲ ದಾರಿ ತಪ್ಪಿಸಿದ್ದು ಡೇಟಮ್, ಅಂದರೆ ಅಕ್ಷಾಂಶ ರೇಖಾಂಶಗಳನ್ನು ಎಲ್ಲಿಂದ ಎಣಿಸಬೇಕೆಂದು ಹೇಳುವ ಆಧಾರ. ಹಳೆಯ 57 G/15 ಟೋಪೋ ಶೀಟಿನಿಂದ ಒಂದು ಗುಡ್ಡದ ಗುಡಿಯ ಅಕ್ಷಾಂಶ ರೇಖಾಂಶಗಳನ್ನು ತೆಗೆದು ಯಂತ್ರಕ್ಕೆ ಕೊಟ್ಟು ನಡೆದಾಗ, ಯಂತ್ರ ತಲುಪಿದ್ದೇವೆಂದು ಹೇಳಿದ ಜಾಗ ಗುಡಿಯಿಂದ ಆಗ್ನೇಯಕ್ಕೆ ಸುಮಾರು 200 ಮೀಟರ್ ದೂರದ ಹೊಲವಾಗಿತ್ತು. ಶೀಟನ್ನು ಓದುವಾಗ ಕೈ ತಪ್ಪಿರಬೇಕೆಂದು ನಾನು ಬಹಳ ದಿನ ನಂಬಿದ್ದೆ.

ನಿಜವಾದ ಕಾರಣ ಬೇರೆ. ಹಳೆಯ ಟೋಪೋ ಶೀಟುಗಳ ಅಕ್ಷಾಂಶ ರೇಖಾಂಶಗಳು ಭೂಮಿಯ ಆಕಾರಕ್ಕೆ ಮಾದರಿಯಾಗಿಟ್ಟುಕೊಂಡ ಎವರೆಸ್ಟ್ ದೀರ್ಘಗೋಳದ ಮೇಲೆ ನಿಂತಿವೆ. ಅದನ್ನು ಭಾರತದ ತ್ರಿಕೋನ ಮೋಜಣಿಗೆ ಹೊಂದುವಂತೆ, ಮಧ್ಯಪ್ರದೇಶದ ಕಲ್ಯಾಣಪುರವನ್ನು ಮೂಲಬಿಂದುವಾಗಿಟ್ಟು ಕೂರಿಸಲಾಗಿತ್ತು. ಈ ದೇಶದ ನೆಲಕ್ಕೆ ಚೆನ್ನಾಗಿ ಒಪ್ಪಿದರೆ ಸಾಕಿತ್ತು, ಅದರ ಕೇಂದ್ರ ಭೂಮಿಯ ಕೇಂದ್ರದಲ್ಲಿರಬೇಕೆಂಬ ಅಗತ್ಯ ಅಂದು ಇರಲಿಲ್ಲ. ಉಪಗ್ರಹಗಳು ಭೂಮಿಯ ದ್ರವ್ಯರಾಶಿಯ ಕೇಂದ್ರವನ್ನು ಸುತ್ತುತ್ತವೆ, ಆದ್ದರಿಂದ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಅಲ್ಲಿಂದಲೇ ಅಳೆಯುತ್ತದೆ. ಎರಡರ ಕೇಂದ್ರಗಳ ನಡುವೆ ಸುಮಾರು 830 ಮೀಟರ್ ಅಂತರವಿದೆ, ಸಮಭಾಜಕದ ತ್ರಿಜ್ಯವೂ ಸುಮಾರು 836 ಮೀಟರ್ ಬೇರೆಯಾಗಿದೆ. ಇವೆಲ್ಲ ಸೇರಿ ನಮ್ಮ ಭಾಗದಲ್ಲಿ ಅಕ್ಷಾಂಶ ಸುಮಾರು 5 ಸೆಕೆಂಡ್, ರೇಖಾಂಶ ಸುಮಾರು 4.5 ಸೆಕೆಂಡ್ ಬದಲಾಗುತ್ತದೆ. ಗುಡಿ ಇದ್ದಲ್ಲಿಯೇ ಇದೆ, ಎಣಿಕೆಯ ಆರಂಭ ಮಾತ್ರ ಬೇರೆಯದು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರದ ಮುಕ್ತ ಸರಣಿಯ ಶೀಟುಗಳು ಡಬ್ಲ್ಯೂಜಿಎಸ್ 84ರಲ್ಲಿವೆ, ಅವುಗಳಲ್ಲಿ ಈ ತೊಡಕಿಲ್ಲ.

ಯಂತ್ರದ `Map Datum` ಪಟ್ಟಿಯಲ್ಲಿ `Indian Bangladesh` ಆರಿಸಿದ ಮೇಲೆ ಅದೇ ಶೀಟಿನ ಅಂಕಿಗಳು ನನ್ನನ್ನು ಗುಡಿಯ ಅಂಗಳಕ್ಕೇ ಕರೆತಂದವು. ಕೇಂದ್ರಗಳ ಅಂತರವನ್ನು ಮೂರು ದಿಕ್ಕುಗಳಲ್ಲಿ ಮೀಟರುಗಳಲ್ಲಿ ಹೇಳುವ, ಭಾರತ ಮತ್ತು ನೇಪಾಳಕ್ಕೆ ಪ್ರಕಟವಾಗಿರುವ 295, 736, 257 ಎಂಬ ಬೆಲೆಗಳನ್ನು ಎವರೆಸ್ಟ್ ದೀರ್ಘಗೋಳದ ಅಳತೆಗಳೊಂದಿಗೆ `User` ಆಯ್ಕೆಯಲ್ಲಿ ತುಂಬುವುದು ಇನ್ನೂ ಸೂಕ್ತ. ಆದರೆ ಆ ಬೆಲೆಗಳಿಗೇ ಪ್ರತಿ ದಿಕ್ಕಿನಲ್ಲಿ 10ರಿಂದ 15 ಮೀಟರ್ ಅನಿಶ್ಚಿತತೆ ಇದೆ. ಹಳೆಯ ಕೆರೆಯ ಅಂಗಳವನ್ನು ಹುಡುಕಲು ಇದು ನೆರವಾಗುತ್ತದೆ, ಒತ್ತುವರಿಯ ಗಡಿಕಲ್ಲನ್ನು ತೀರ್ಮಾನಿಸಲು ಖಂಡಿತ ಆಗದು.

ಡೇಟಮ್ ತಪ್ಪಿದೆಯೆಂದು ತಿಳಿಯಲು ನಾನು ಒಂದಕ್ಕೊಂದು ಕೆಲವು ಕಿಲೋಮೀಟರ್ ದೂರದಲ್ಲಿರುವ ಎರಡು ಗುರುತುಗಳನ್ನು ಪರೀಕ್ಷಿಸುತ್ತೇನೆ. ಎರಡರಲ್ಲೂ ಪಲ್ಲಟ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇದ್ದರೆ ಡೇಟಮ್ ಕಾರಣ. ದಿಕ್ಕು ಬೇರೆ ಬೇರೆಯಾದರೆ ಶೀಟಿನ ಓದು ಅಥವಾ ಉಪಗ್ರಹದ ಸಂಕೇತ ಕಾರಣ.

ಈ ಯಂತ್ರದ ಬಗ್ಗೆ ನನ್ನ ಒಂದೇ ಅಸಮಾಧಾನವೆಂದರೆ, ವಲಯದ ಸಂಖ್ಯೆಯನ್ನು ಪರದೆಯಲ್ಲಿ ಕಾಣಿಸುವ ಅದು ಡೇಟಮ್‌ನ ಹೆಸರನ್ನು ಮಾತ್ರ ಮೆನುವಿನ ಒಳಗೆ ಅಡಗಿಸಿಡುತ್ತದೆ. ಒಮ್ಮೆ ಗುಡಿಗಾಗಿ ಬದಲಿಸಿದ ಡೇಟಮ್ ಹಾಗೆಯೇ ಉಳಿದು, ಮರುದಿನ ಕೈಯಲ್ಲಿ ಬರೆದುಕೊಂಡ ಹನ್ನೊಂದು ಕೊಳವೆಬಾವಿಗಳ ಅಂಕಿಗಳು ಕೆಟ್ಟವು. ಯಂತ್ರದೊಳಗೆ ಉಳಿಸಿದ ವೇಪಾಯಿಂಟುಗಳು ಮಾತ್ರ ಸರಿಯಾಗಿದ್ದವು, ಏಕೆಂದರೆ ಜಿಪಿಎಕ್ಸ್ ಕಡತದಲ್ಲಿ ಅವು ಯಾವಾಗಲೂ ಡಬ್ಲ್ಯೂಜಿಎಸ್ 84ರ ಅಕ್ಷಾಂಶ ರೇಖಾಂಶಗಳಾಗಿಯೇ ಇರುತ್ತವೆ. ಪರದೆಯ ಆಯ್ಕೆ ಅವುಗಳನ್ನು ಮುಟ್ಟುವುದಿಲ್ಲ. ಅಂದಿನಿಂದ ನಾನು ಆ ಕಡತವನ್ನೇ ಮೂಲವಾಗಿಟ್ಟುಕೊಂಡು ಕ್ಯೂಜಿಐಎಸ್ ನಕ್ಷೆ ತಂತ್ರಾಂಶದಲ್ಲಿ EPSG:32643ಕ್ಕೆ ಪರಿವರ್ತಿಸುತ್ತೇನೆ, ಮತ್ತು ನೋಟ್ ಪುಸ್ತಕದ ಪ್ರತಿ ಪುಟದ ಮೇಲ್ತುದಿಯಲ್ಲಿ ಡೇಟಮ್ ಮತ್ತು ವಲಯಗಳನ್ನು ಬರೆದ ಮೇಲೆಯೇ ಮೊದಲ ಬಿಂದುವನ್ನು ಬರೆಯುತ್ತೇನೆ.